ಗೀಜರ್ ಡೈರಿ: ನೀರು ಕಾಯೋದರೊಳಗೆ ಆರುವ ದೀಪ

ಶನಿವಾರ, ಬೆಳಿಗ್ಗೆ

ನಮ್ಮ ಮನೆ ಗದಗಿನ ಬೆಟಗೇರಿ ಕಡೆ. ಬಚ್ಚಲಮನೆಯಲ್ಲಿ 15 ಲೀಟರಿನ, 2 ಕಿಲೋವ್ಯಾಟಿನ ಗೀಜರ್ ಇದೆ. ಹೊಳೆನೀರು ಬಂದ ದಿನ ಕುಡಿಯೋಕೆ ತುಂಬಿಟ್ಟುಕೊಳ್ಳುತ್ತೇವೆ, ಸ್ನಾನಕ್ಕೆಲ್ಲ ಬೋರಿನ ಸವಳು ನೀರೇ. ಎರಡು ತಿಂಗಳಿಂದ ಅವ್ವ ಹೇಳ್ತಾನೇ ಇದ್ದಳು: "ತಮ್ಮಾ, ಮುಕ್ಕಾಲು ತಾಸಾತು, ನೀರ ಇನ್ನೂ ಕಾದಿಲ್ಲ ನೋಡು." ಬಂದು ನೋಡಿದ ಮಿಸ್ತ್ರಿ, "ಕಾಯಿಲ್ ಹೋಗೇತ್ರಿ, ಹೊಸಾದ್ ಹಾಕೂನು" ಅಂದ. ದುಡ್ಡು ಕೊಡುವ ಮೊದಲು ಅಳೆದು ನೋಡಬೇಕು ಅನ್ನಿಸಿತು.

ಮೊದಲು ಲೆಕ್ಕ. ಟ್ಯಾಂಕಿನ ನೀರು ಇವತ್ತು 24 ಡಿಗ್ರಿ. 15 ಲೀಟರನ್ನು 60ಕ್ಕೆ ಏರಿಸೋಕೆ ಸುಮಾರು 0.63 ಯುನಿಟ್ ಬೇಕು. ಪೂರ್ತಿ 2 ಕಿಲೋವ್ಯಾಟ್ ಸಿಕ್ಕರೆ 19 ನಿಮಿಷ. ಆದರೆ ನಮ್ಮಲ್ಲಿ ಬೆಳಿಗ್ಗೆ ವೋಲ್ಟೇಜ್ 230 ಇರೋದಿಲ್ಲ, ಇವತ್ತು 215 ಇತ್ತು. ವೋಲ್ಟೇಜ್ ಸ್ವಲ್ಪ ಇಳಿದರೂ ಶಾಖ ಅದರ ವರ್ಗದ ಪ್ರಮಾಣದಲ್ಲಿ ಇಳಿಯುತ್ತದೆ, ಹಾಗಾಗಿ ಕೈಗೆ ಸಿಗೋದು 1.75 ಕಿಲೋವ್ಯಾಟ್, ಅಂದರೆ 21-22 ನಿಮಿಷ. ಮುಕ್ಕಾಲು ತಾಸಿಗೆ ವೋಲ್ಟೇಜ್ ಕಾರಣ ಅಲ್ಲ.

ಮನೆಯ ಉಳಿದ ಸ್ವಿಚ್ಚೆಲ್ಲ ಆರಿಸಿ, ಗೀಜರ್ ಒಂದನ್ನೇ ಹಾಕಿ ಮೀಟರಿನ ಮುಂದೆ ನಿಂತೆ. ಮೀಟರಿನ ಮೇಲೆ 3200 imp/kWh ಎಂದಿದೆ, ಅಂದರೆ ಕೆಂಪು ದೀಪ 3200 ಸಲ ಮಿಣುಕಿದರೆ ಒಂದು ಯುನಿಟ್. ನಿಮಿಷಕ್ಕೆ 93 ಮಿಣುಕು ಎಣಿಸಿದೆ. 60ರಿಂದ ಗುಣಿಸಿ 3200ರಿಂದ ಭಾಗಿಸಿದರೆ 1.74 ಕಿಲೋವ್ಯಾಟ್. ಕಾಯಿಲ್ ತನ್ನ ಪಾಲಿನ ಕೆಲಸ ಪೂರ್ತಿ ಮಾಡ್ತಿದೆ!

ಅಲ್ಲೇ ನಿಂತಿದ್ದಕ್ಕೆ ಇನ್ನೊಂದು ಕಂಡಿತು. ಒಂಬತ್ತನೇ ನಿಮಿಷಕ್ಕೆ ಮಿಣುಕು ನಿಂತುಹೋಯಿತು, ಗೀಜರಿನ ದೀಪವೂ ಆರಿತು. ಒಂದು ತಂಬಿಗೆ ನೀರು ಹಿಡಿದು ನೋಡಿದರೆ 39 ಡಿಗ್ರಿ. ನಾಲ್ಕು ನಿಮಿಷ ಬಿಟ್ಟು ಮತ್ತೆ ಹತ್ತಿತು, ಮೂರು ನಿಮಿಷಕ್ಕೆ ಮತ್ತೆ ಆರಿತು. ಹೀಗೇ ಹತ್ತೋದು, ಆರೋದು. ಸರಾಸರಿ ನೋಡಿದರೆ ಅರ್ಧ ಶಕ್ತಿಯೂ ನೀರಿಗೆ ಸೇರುತ್ತಿಲ್ಲ.

ಭಾನುವಾರ

ಎಂಸಿಬಿ ಆರಿಸಿ, ಟೆಸ್ಟರಿನಿಂದ ಖಾತ್ರಿ ಮಾಡಿಕೊಂಡು, ಒಳಬರುವ ನೀರಿನ ವಾಲ್ವ್ ಮುಚ್ಚಿ, ತೊಟ್ಟಿಯ ನೀರು ಬಸಿದೆ. ಕೆಳಗಿನ ಮುಚ್ಚಳ ತೆಗೆದು ವೈರುಗಳ ಫೋಟೋ ಹೊಡೆದುಕೊಂಡೆ, ಮರಳಿ ಜೋಡಿಸುವಾಗ ಬೇಕೇ ಬೇಕು. ಥರ್ಮೋಸ್ಟ್ಯಾಟಿನ ಕಡ್ಡಿ ಎಳೆದು, ನಟ್ಟು ಬಿಚ್ಚಿ ಕಾಯಿಲ್ ಕೂತ ತಟ್ಟೆಯನ್ನು ಇಳಿಸಿದೆ.

ಕಾರಣ ಕಣ್ಣಮುಂದೆಯೇ ಇತ್ತು. ಕಾಯಿಲ್ ಮೇಲೆ ಸುಮಾರು 4 ಮಿಲಿಮೀಟರ್ ಸುಣ್ಣ. ಅದಕ್ಕಿಂತ ಮುಖ್ಯವಾಗಿ, ಕಾಯಿಲ್‌ಗೂ ಥರ್ಮೋಸ್ಟ್ಯಾಟ್ ಕಡ್ಡಿ ಕೂರುವ ಕೊಳವೆಗೂ ನಡುವಿನ ಸಂದು ಪೂರ್ತಿ ಸುಣ್ಣದಿಂದ ಗಟ್ಟಿಯಾಗಿ ಮುಚ್ಚಿಹೋಗಿತ್ತು.

ಸುಣ್ಣ ಕಟ್ಟಿದರೆ ಕಾಯಿಲ್ ಶಾಖ ಕೊಡೋದು ಕಡಿಮೆಯಾಗುತ್ತೆ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಎಳೆದ ಕರೆಂಟೆಲ್ಲ ಶಾಖವಾಗಲೇಬೇಕು, ಆ ಶಾಖ ಕೊನೆಗೆ ನೀರಿಗೇ ಹೋಗಬೇಕು. ಸುಣ್ಣ ಅಡ್ಡ ಬಂದಾಗ ಕಾಯಿಲ್ ತಾನೇ ವಿಪರೀತ ಬಿಸಿಯಾಗುತ್ತೆ. ಅದರ ಆಯುಷ್ಯ ಕಡಿಮೆಯಾಗೋದು ಅದರಿಂದಲೇ. ಇನ್ನು ಥರ್ಮೋಸ್ಟ್ಯಾಟಿನ ಕಡ್ಡಿಯಲ್ಲಿ ಹೊರಗೆ ಹಿತ್ತಾಳೆ ಕೊಳವೆ, ಒಳಗೆ ಹಿಗ್ಗದ ಮಿಶ್ರಲೋಹದ ಸರಳು. ಹಿತ್ತಾಳೆ ಹಿಗ್ಗಿದಾಗ ಸ್ವಿಚ್ ಬಿಡುತ್ತೆ. ಅದಕ್ಕೆ ನೀರು ಎಷ್ಟು ಕಾದಿದೆ ಅನ್ನೋದು ಗೊತ್ತಿಲ್ಲ, ತನ್ನ ಸುತ್ತ ಎಷ್ಟು ಬಿಸಿ ಅನ್ನೋದಷ್ಟೇ ಗೊತ್ತು. ಇಲ್ಲಿ ಅದರ ಸುತ್ತ ಇದ್ದದ್ದು ಕಾಯಿಲ್‌ನ ಬಿಸಿಯನ್ನೇ ಹೊತ್ತು ತಂದ ಸುಣ್ಣ. ಹಾಗಾಗಿ ನೀರು 39 ಇದ್ದರೂ ಅದು 60 ಆಯಿತು ಅಂತ ಬಿಟ್ಟುಬಿಡುತ್ತಿತ್ತು. ಹೊಸ ಥರ್ಮೋಸ್ಟ್ಯಾಟ್ ಹಾಕಿದ್ದರೂ ಅದೇ ಕತೆ.

ತೊಟ್ಟಿಗೆ ತುಕ್ಕು ಹಿಡಿಯದಂತೆ ತಾನೇ ಸವೆಯುವ ಮೆಗ್ನೀಷಿಯಂ ಸರಳನ್ನು, ಅಂದರೆ ಆನೋಡನ್ನು, ಮೊದಲು ಬಿಚ್ಚಿಟ್ಟೆ, ಹುಳಿಗೆ ಅದು ಕರಗಿಹೋಗುತ್ತೆ. ಸಂದಿನ ಸುಣ್ಣವನ್ನು ಮರದ ಕಡ್ಡಿಯಿಂದ ಕೆದರಿದೆ. ಚಾಕು, ಉಳಿ ಹಾಕಿದರೆ ತಾಮ್ರದ ಕವಚ ಗೀರುತ್ತೆ. ಆಮೇಲೆ ಲೀಟರಿಗೆ 50 ಗ್ರಾಂ ಸಿಟ್ರಿಕ್ ಆಸಿಡ್ ಕಲಸಿದ ಉಗುರುಬೆಚ್ಚಗಿನ ನೀರಲ್ಲಿ, ವೈರು ಕೂಡಿಸುವ ತುದಿ ಮೇಲೆ ಉಳಿಯುವಂತೆ, ನೆನೆಯಿಟ್ಟೆ. ನೊರೆ ಬಿಡೋಕೆ ಶುರುವಾಯಿತು. ನೊರೆ ನಿಂತಾಗ ದ್ರಾವಣ ಬದಲಿಸಿದೆ. ಎರಡು ಸಲ, ಒಟ್ಟು ನಾಲ್ಕು ತಾಸು. ಪಾಯಿಖಾನೆ ತೊಳೆಯುವ ಆಸಿಡ್ ಬೇಗ ಕೆಲಸ ಮಾಡುತ್ತೆ, ಆದರೆ ಲೋಹವನ್ನೂ ತಿನ್ನುತ್ತೆ. ಅದನ್ನು ಮುಟ್ಟಲಿಲ್ಲ. ತೊಟ್ಟಿಯ ತಳದಿಂದ ಎರಡು ಬೊಗಸೆ ಸುಣ್ಣದ ಹಳಕು ಸಿಕ್ಕಿತು.

ಒಣಗಿಸಿ ಮಲ್ಟಿಮೀಟರ್ ಹಿಡಿದೆ: ಕಾಯಿಲ್‌ನ ಎರಡು ತುದಿ ನಡುವೆ 26 ಓಮ್, 2 ಕಿಲೋವ್ಯಾಟಿಗೆ ಸರಿಯಾದದ್ದೇ. ಆದರೆ ಕವಚಕ್ಕೆ ಕರೆಂಟು ಸೋರುತ್ತಿದೆಯಾ ಅನ್ನೋದು ಮಲ್ಟಿಮೀಟರಿಗೆ ಸರಿಯಾಗಿ ತಿಳಿಯೋದಿಲ್ಲ. ಪರಿಚಯದ ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ ಮೆಗ್ಗರ್ ಹಾಕಿಸಿದೆ, ಚೆನ್ನಾಗಿ ಬಂತು. ಸೋರುತ್ತಿದ್ದರೆ ಎಷ್ಟು ತೊಳೆದಿದ್ದರೂ ಆ ಕಾಯಿಲ್ ಎಸೆಯಲೇಬೇಕಿತ್ತು.

ಸೋಮವಾರ

ಹೊಸ ಗ್ಯಾಸ್ಕೆಟ್ ಹಾಕಿ, ನಟ್ಟುಗಳನ್ನು ಎದುರುಬದುರಾಗಿ ಬಿಗಿದೆ. ಬಿಸಿನೀರಿನ ನಲ್ಲಿಯಿಂದ ಗಾಳಿ ಹೋಗಿ ನೀರು ಸಲೀಸಾಗಿ ಬರೋವರೆಗೂ ಸ್ವಿಚ್ ಮುಟ್ಟಲಿಲ್ಲ, ಖಾಲಿ ತೊಟ್ಟಿಯಲ್ಲಿ ಕಾಯಿಲ್ ಸುಟ್ಟುಹೋಗುತ್ತೆ.

ನೀರು 24 ಡಿಗ್ರಿ, ವೋಲ್ಟೇಜ್ 215, ಮಿಣುಕು ಮತ್ತೆ ನಿಮಿಷಕ್ಕೆ 93. ದೀಪ ಆರಿದ್ದು 22ನೇ ನಿಮಿಷಕ್ಕೆ, ಒಂದೇ ಸಲ. ತಂಬಿಗೆಯಲ್ಲಿ 59 ಡಿಗ್ರಿ.

ಆನೋಡ್ ಅರ್ಧ ಸವೆದಿದೆ, ಮುಂದಿನ ಸಲ ಬಿಚ್ಚಿದಾಗ ಹೊಸದು ಹಾಕುತ್ತೇನೆ. ಇನ್ನು ಮೇಲೆ ತಿಂಗಳಿಗೊಮ್ಮೆ ದೀಪ ಮೊದಲ ಸಲ ಆರುವ ನಿಮಿಷವನ್ನು ಇಲ್ಲಿ ಬರೆಯುತ್ತೇನೆ. 22ರಿಂದ 15ರ ಹತ್ತಿರ ಇಳಿದ ದಿನ, ನೀರೂ ತಂಪಾಗಿಯೇ ಇದ್ದರೆ, ಮತ್ತೆ ತಟ್ಟೆ ಇಳಿಸೋದು.