ಅಜ್ಜಿಯ ಭರಣಿಯಲ್ಲಿ ಎಷ್ಟು ಬಾಟಲಿ?

ಮೇ ಕೊನೆಯ ಒಂದು ಭಾನುವಾರ. ಧಾರವಾಡದ ನಮ್ಮ ಮನೆಯ ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದೆ. ಪಕ್ಕದಲ್ಲಿ ಅಜ್ಜಿ. ಅವಳ ಮಾವಿನಕಾಯಿ ಉಪ್ಪಿನಕಾಯಿಗೆ ವೆಬ್‌ಸೈಟ್ ಮಾಡಿ ಮುಗಿಸಿದ್ದೆ. ವರ್ಡ್‌ಪ್ರೆಸ್‌ನಲ್ಲಿ ಅಂಗಡಿ ಸಿದ್ಧವಿತ್ತು, ಫೋಟೊ ಹಾಕಿಯಾಗಿತ್ತು. ಆಹಾರ ಮಾರಲು ಬೇಕಾದ ಎಫ್‌ಎಸ್‌ಎಸ್‌ಎಐ ನೋಂದಣಿಯೂ ಬಂದಿತ್ತು. ಸಣ್ಣ ವ್ಯಾಪಾರಕ್ಕೆ ನಾವು ಕಟ್ಟಿದ್ದು ವರ್ಷಕ್ಕೆ 100 ರೂಪಾಯಿ. ಇನ್ನು ಅಂಗಡಿ ತೆರೆಯುವ ಒಂದೇ ಗುಂಡಿ ಒತ್ತುವುದು ಬಾಕಿ ಅಂದುಕೊಂಡಿದ್ದೆ.

"ಇದ್ರಾಗ ಎಷ್ಟು ಬಾಟ್ಲಿ ಅದಾವಂತ ಬರದಿ?" ಅಂತ ಅಜ್ಜಿ ಕೇಳಿದಳು.

ನಾನು ಏನೂ ಬರೆದಿರಲಿಲ್ಲ. ಆ ಜಾಗ ಖಾಲಿ ಬಿಟ್ಟರೆ ಎಷ್ಟು ಜನ ಕೇಳಿದರೂ ಅಂಗಡಿ ಮಾರುತ್ತಲೇ ಹೋಗುತ್ತದೆ.

"ಮಾವಿನಕಾಯಿ ಇನ್ನ ಮುಂದಿನ ವರ್ಷನಾ ತಮ್ಮಾ. ಭರಣಿ ಬರಿದಾದ ಮ್ಯಾಲ ರೊಕ್ಕ ಇಸ್ಕೊಂಡು ಏನ್ ಕೊಡ್ಲಿ?"

ಹಾಗಾಗಿ ಮೊದಲು ಲೆಕ್ಕಕ್ಕೆ ಕೂತೆವು. ಕೆಲಗೇರಿ ಕಡೆಯಿಂದ ತಂದ 10 ಕಿಲೊ ಕಾಯಲ್ಲಿ ಒಳಗಿನ ಬೀಜ ತೆಗೆದು, ಕೆಟ್ಟದ್ದು ಬಿಟ್ಟು, ಹೋಳು ಉಳಿದದ್ದು 8 ಕಿಲೊ. ಉಪ್ಪು ಒಂದೂವರೆ ಕಿಲೊ. ಶೇಂಗಾ ಎಣ್ಣೆ 2 ಲೀಟರ್, ಅಂದರೆ ಸುಮಾರು 1.8 ಕಿಲೊ. ಖಾರದ ಪುಡಿ, ಸಾಸಿವೆ, ಮೆಂತೆ, ಅರಿಶಿನ, ಇಂಗು ಎಲ್ಲ ಸೇರಿ ಒಂದು ಕಿಲೊಗಿಂತ ಸ್ವಲ್ಪ ಜಾಸ್ತಿ. ಅಜ್ಜಿಗೆ ಇದೆಲ್ಲ ಬೊಗಸೆ, ವಾಟಗದ ಲೆಕ್ಕ. ನಾನು ಅವಳ ಒಂದೊಂದು ಬೊಗಸೆಯನ್ನೂ ತಕ್ಕಡಿಗೆ ಹಾಕಿಸಿದ್ದೆ. ಭರಣಿಯಿಂದ ತೆಗೆದು ತೂಗಿದಾಗ ಸಿಕ್ಕಿದ್ದು 12 ಕಿಲೊ. ಬಾಟಲಿಗೆ 400 ಗ್ರಾಂ ಅಂದರೆ 30 ಬಾಟಲಿ. ಅದರಲ್ಲಿ ನಾಲ್ಕು ಬಾಟಲಿ ನಮ್ಮ ಮನೆಗೆ. "ಮನಿಗೆ ತಗದ ಮ್ಯಾಲನ ಮಂದಿಗೆ," ಅಂದಳು. `Stock` ಅನ್ನುವ ಕಡೆ 26 ಬರೆದೆ.

ಆಮೇಲೆ ಲೇಬಲ್. ಏನೇನು ಹಾಕಿದೆ ಅಂತ ಬರೆಯುವಾಗ ತೂಕದಲ್ಲಿ ಜಾಸ್ತಿ ಇರುವುದು ಮೊದಲು ಬರಬೇಕು. ಮಾವಿನಕಾಯಿ, ಶೇಂಗಾ ಎಣ್ಣೆ, ಉಪ್ಪು, ಹೀಗೆ. ಇಂಗಿಗೆ ಬಂದಾಗ ಸುಮ್ನೆ ಅದರ ಡಬ್ಬಿ ತಿರುಗಿಸಿ ನೋಡಿದೆ. ಸಣ್ಣ ಅಕ್ಷರದಲ್ಲಿ ಗೋಧಿ ಹಿಟ್ಟು ಅಂತಿತ್ತು. ಅಡುಗೆಗೆ ಸಿಗುವ ಇಂಗು ಬಹಳ ಸಲ ಅಪ್ಪಟ ಇಂಗಲ್ಲ. ಅದು ತುಂಬಾ ಘಾಟು ಅಂತ ಹಿಟ್ಟು, ಅಂಟು ಬೆರೆಸಿ ಹದ ಮಾಡಿರುತ್ತಾರೆ. ಗೋಧಿ ಒಗ್ಗದವರಿಗೆ ಚಿಟಿಕೆ ಬಿದ್ದರೂ ತೊಂದರೆ, ಆದ್ದರಿಂದ ಗೋಧಿ ಇದೆ ಅಂತ ಲೇಬಲ್‌ನಲ್ಲಿ ಹೇಳಲೇಬೇಕು.

ಅಜ್ಜಿ ಡಬ್ಬಿಯನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು. "ಇಷ್ಟ್ ವರ್ಷ ಉಪ್ಪಿನಕಾಯಾಗ ಗೋಧಿ ಹಾಕ್ಕೋತ ಬಂದೀನಿ, ನನಗ ಗೊತ್ತಿಲ್ಲ." ಆ ಸಾಲನ್ನು ದಪ್ಪ ಅಕ್ಷರದಲ್ಲಿ ಹಾಕು ಅಂತ ಅವಳೇ ಹೇಳಿದಳು. ಲೇಬಲ್‌ನಲ್ಲೂ ವೆಬ್‌ಸೈಟ್‌ನಲ್ಲೂ ಹಾಕಿದೆ.

ಇಷ್ಟಾದರೂ ಅವಳು ಗುಂಡಿ ಒತ್ತಲು ಬಿಡಲಿಲ್ಲ. 26 ಬಾಟಲಿಯನ್ನೂ ಹಳೆಯ ಪೇಪರ್ ಮೇಲೆ ತಲೆಕೆಳಗಾಗಿ ನಿಲ್ಲಿಸಿ ಮಲಗಲು ಹೋದಳು. ಕೊರಿಯರ್‌ನವರು ಡಬ್ಬಿ ನೆಟ್ಟಗೆ ಇಡುತ್ತಾರೆ ಅಂತ ಹೇಳೋಕಾಗಲ್ಲ ಅಲ್ವಾ? ಬೆಳಗ್ಗೆ ಎತ್ತಿ ನೋಡಿದರೆ ಮೂರರ ಕೆಳಗೆ ಎಣ್ಣೆಯ ಉಂಗುರ. ಮೂರನ್ನೂ ನಾನೇ ತುಂಬಿದ್ದೆ. ಕುತ್ತಿಗೆಯವರೆಗೆ ತುಂಬಿ, ಅಂಚಿಗೆ ಎಣ್ಣೆ ಹತ್ತಿದ್ದರೂ ಹಾಗೇ ಮುಚ್ಚಳ ಹಾಕಿದ್ದೆ. ಅಂಚಿನಲ್ಲಿ ಎಣ್ಣೆ ಇದ್ದರೆ ಮುಚ್ಚಳ ಎಷ್ಟು ತಿರುವಿದರೂ ಬಿಗಿಯಾಗಿ ಕೂರುವುದಿಲ್ಲ.

ಅಜ್ಜಿ ನನ್ನನ್ನು ಬೈಯಲಿಲ್ಲ. ಒಣ ಬಟ್ಟೆ ತಂದು ಅಂಚು ಒರೆಸಿದಳು. ಹೋಳುಗಳನ್ನು ಚಮಚದಿಂದ ಒತ್ತಿ ಎಣ್ಣೆಯೊಳಗೆ ಮುಳುಗಿಸಿದಳು. ಮೇಲೆ ಉಳಿದ ಹೋಳಿಗೆ ಬೂಸ್ಟು ಬರುತ್ತದೆ ಅಂತ ಅವಳಿಗೆ ಮೊದಲಿನಿಂದಲೂ ಗೊತ್ತು. ಅರ್ಧ ಬೆರಳಿನಷ್ಟು ಜಾಗ ಬಿಟ್ಟು, ಮುಚ್ಚಳದೊಳಗೆ ದಪ್ಪ ಪ್ಲಾಸ್ಟಿಕ್ ಹಾಳೆಯ ಬಿಲ್ಲೆ ಕತ್ತರಿಸಿ ಇಟ್ಟು ಮತ್ತೆ ತಿರುವಿದಳು. ಮೂರನ್ನೂ ಮತ್ತೆ ತೂಗಿದೆವು, 400 ಗ್ರಾಂ ಸರಿಯಾಗಿ ಇತ್ತು. ಮಧ್ಯಾಹ್ನದವರೆಗೆ ಮತ್ತೆ ತಲೆಕೆಳಗೆ. ಪೇಪರ್ ಒಣಗಿಯೇ ಇತ್ತು.

ಊಟವಾದ ಮೇಲೆ ಅವಳ ತೋರುಬೆರಳು ಹಿಡಿದು ಗುಂಡಿ ಒತ್ತಿಸಿದೆ. ಸಂಜೆ ಚಹಾ ಹೊತ್ತಿಗೆ ಮೊದಲ ಆರ್ಡರ್ ಬಂತು, ಬಳ್ಳಾರಿಯಿಂದ, ಎರಡು ಬಾಟಲಿ. 26 ಇದ್ದದ್ದು 24 ಆಯಿತು. ಅಜ್ಜಿ ಅಡುಗೆಮನೆಗೆ ಹೋಗಿ ಹಲಗೆಯ ಮೇಲಿನ ಬಾಟಲಿಗಳಲ್ಲಿ ಎರಡನ್ನು ಬೇರೆ ಇಟ್ಟು, ಉಳಿದದ್ದನ್ನು ಬೆರಳಿಟ್ಟು ಎಣಿಸಿದಳು.

"ಕೊಂಡವ್ರಿಗೆ ಚಮಚದ ವಿಚಾರ ಯಾರು ಹೇಳ್ತಾರ?" ಅಂದಳು. ನನ್ನ ಪೆನ್ನು ಇಸಿದುಕೊಂಡು, ಎರಡು ಚೀಟಿಯ ಮೇಲೆ ದೊಡ್ಡ ದೊಡ್ಡ ಅಕ್ಷರದಲ್ಲಿ ಬರೆದಳು: "ಒಣ ಚಮಚಾ ಹಾಕ್ರಿ. ತಕ್ಕೊಂಡ ಮ್ಯಾಲ ಹೋಳು ಎಣ್ಣಿಯಾಗ ಮುಳುಗಸ್ರಿ." ಒಂದೊಂದು ಚೀಟಿಯನ್ನು ಒಂದೊಂದು ಬಾಟಲಿಗೆ ಸುತ್ತಿ ದಾರ ಕಟ್ಟಿದಳು.