ನಾನೇನು 242 ವ್ಯಾಟ್ ಹೀಟರಾ? ಊಟ–ಯೂನಿಟ್ ಲೆಕ್ಕದ ಮೂರನೇ ವಾರ

ಕೊನೆಗೂ ಲೆಕ್ಕ ಕೂಡಿ ಬಂತು. ಹತ್ತು ದಿನ ತಲೆ ತಿಂದ ತಪ್ಪು ನಿನ್ನೆ ರಾತ್ರಿ ಸಿಕ್ಕಿತು. ತಪ್ಪು ಅನ್ನೋದಕ್ಕಿಂತ ತಪ್ಪುಗಳು ಅನ್ನಬೇಕು, ಒಂದರ ಹಿಂದೆ ಒಂದು ಅಡಗಿ ಕೂತಿದ್ದವು.

ಪ್ರಾಜೆಕ್ಟ್ ಗೊತ್ತಲ್ವಾ? ದಿನಕ್ಕೆ ತಿನ್ನುವುದನ್ನೆಲ್ಲ ತೂಗಿ, ಕ್ಯಾಲೊರಿ ಮಾಡಿ, ಅದನ್ನು ಯೂನಿಟ್‌ಗೆ, ಅಂದರೆ ಕಿಲೋವ್ಯಾಟ್-ಅವರ್‌ಗೆ ತಿರುಗಿಸುವುದು. ಪಕ್ಕದ ಕಾಲಮ್ಮಿನಲ್ಲಿ ಪ್ಲಗ್ ಮೀಟರ್ ತೋರಿಸಿದ ಫ್ರಿಜ್, ಕೆಟಲ್, ರೂಟರ್‌ಗಳ ಲೆಕ್ಕ. ತಿರುಗಿಸುವುದು ಒಂದೇ ಸಾಲು. ಒಂದು ಯೂನಿಟ್ ಅಂದರೆ 3600 ಕಿಲೋಜೂಲ್, ಒಂದು ಕಿಲೋಕ್ಯಾಲೊರಿ ಅಂದರೆ 4.184 ಕಿಲೋಜೂಲ್. ಭಾಗಿಸಿದರೆ ಯೂನಿಟ್‌ಗೆ 860.4 ಕಿಲೋಕ್ಯಾಲೊರಿ. ಯೂನಿಟ್ಟನ್ನು 24ರಿಂದ ಭಾಗಿಸಿ ಸಾವಿರದಿಂದ ಗುಣಿಸಿದರೆ ದಿನದ ಸರಾಸರಿ ವ್ಯಾಟ್.

ಪ್ಲಗ್ ಮೀಟರ್ ಕಥೆ ಬೇಗ ಹೇಳಿ ಮುಗಿಸುತ್ತೇನೆ. ಮೊದಲು ಬಂದದ್ದರ ಒಳಗಿನ ಬಟನ್ ಸೆಲ್ ಸತ್ತಿತ್ತು. ಸಾಕೆಟ್‌ನಿಂದ ತೆಗೆದ ತಕ್ಷಣ ಇಡೀ ದಿನದ ಲೆಕ್ಕ ಸೊನ್ನೆ. ಮಾರಿದವರಿಗೆ ಬರೆದೆ. "ಸಾಕೆಟ್‌ನಿಂದ ತೆಗೆಯಬೇಡಿ" ಅಂತ ಉತ್ತರ ಬಂತು! ಸೆಲ್ ನಾನೇ ಬದಲಿಸಿದೆ. ಆಮೇಲೆ ಅದು ತೊಂದರೆ ಕೊಡಲಿಲ್ಲ. ಫ್ರಿಜ್‌ಗೆ ಪೂರ್ತಿ 24 ಗಂಟೆ ಹಾಕಿ ಇಟ್ಟೆ, 0.96 ಯೂನಿಟ್. ಕಂಪ್ರೆಸರ್ ಆನ್-ಆಫ್ ಆಗುವುದರಿಂದ ಒಂದೆರಡು ಗಂಟೆ ನೋಡಿ ಗುಣಿಸಿದರೆ ಸರಿಯಾಗುವುದಿಲ್ಲ, ಅದು ನಿಮಗೆ ಗೊತ್ತೇ ಇದೆ.

ತಲೆನೋವು ಇದ್ದದ್ದು ಊಟದ ಕಾಲಮ್ಮಿನಲ್ಲಿ. ಒಂದು ಮಂಗಳವಾರದ ಒಟ್ಟು 4990 ಕಿಲೋಕ್ಯಾಲೊರಿ. ಅಂದರೆ 5.80 ಯೂನಿಟ್, ಸರಾಸರಿ 242 ವ್ಯಾಟ್. ದಿನವಿಡೀ ಕುರ್ಚಿ ಬಿಟ್ಟು ಏಳದ ಮನುಷ್ಯ ನಾನು. ಸುಮ್ನೆ ಕೂತವರ ದೇಹದಿಂದ ಹೊರಬರುವ ಶಾಖ ಸುಮಾರು 100 ವ್ಯಾಟ್. ವ್ಯಾಟ್ ಕಾಲಮ್ ಇಲ್ಲದಿದ್ದರೆ ನನಗೆ ಅನುಮಾನವೇ ಬರುತ್ತಿರಲಿಲ್ಲ. 5.80 ಯೂನಿಟ್ ಅಂದರೆ ಜಾಸ್ತಿಯೋ ಕಮ್ಮಿಯೋ ಅಂತ ಯಾರಿಗೆ ಗೊತ್ತಾಗುತ್ತದೆ? 242 ವ್ಯಾಟ್ ಅಂದಾಗ ಮಾತ್ರ "ನಾನೇನು ಹೀಟರಾ?" ಅನ್ನಿಸಿತು.

ಮೊದಲ ಊಹೆ ಎಲ್ಲರಿಗೂ ಬರುವಂಥದ್ದೇ: ಕೆಲವು ಸಾಲುಗಳು ಕಿಲೋಜೂಲ್‌ನಲ್ಲಿವೆ. ಪ್ಯಾಕೆಟ್ ಮೇಲೆ ಎರಡೂ ಸಂಖ್ಯೆ ಅಕ್ಕಪಕ್ಕ ಇರುತ್ತವೆ, ರಾತ್ರಿ ಹನ್ನೊಂದಕ್ಕೆ ಟೈಪ್ ಮಾಡುವಾಗ ದೊಡ್ಡದೇ ಕಣ್ಣಿಗೆ ಬೀಳುತ್ತದೆ. ಹಿಡಿಯಲು ಸುಲಭದ ಉಪಾಯ ಮಾಡಿದೆ. ಗ್ರಾಮಿಗೆ ಅತಿ ಹೆಚ್ಚು ಶಕ್ತಿ ಇರುವುದು ಕೊಬ್ಬಿನಲ್ಲಿ, 9 ಕಿಲೋಕ್ಯಾಲೊರಿ. ಅದಕ್ಕಿಂತ ಜಾಸ್ತಿ ಇದ್ದರೆ ಅದು ಕಿಲೋಕ್ಯಾಲೊರಿ ಆಗಿರಲು ಸಾಧ್ಯವೇ ಇಲ್ಲ. ಫಿಲ್ಟರ್ ಹಾಕಿದೆ. ಬಿಸ್ಕತ್ತು ತಕ್ಷಣ ಸಿಕ್ಕಿಬಿತ್ತು: 100 ಗ್ರಾಮಿಗೆ 2000, ಅಂದರೆ ಗ್ರಾಮಿಗೆ 20. ಬೇರೆ ಯಾವುದೂ ಸಿಗಲಿಲ್ಲ. ಮುಗಿಯಿತು ಅಂದುಕೊಂಡು ಮಲಗಿದೆ.

ಮುಗಿದಿರಲಿಲ್ಲ. ಬಿಸ್ಕತ್ತು ಸರಿಮಾಡಿದರೂ ಒಟ್ಟು 4000ದ ಮೇಲೇ ಇತ್ತು. ನನ್ನ ಉಪಾಯದಲ್ಲೇ ತೂತು. ನೀರು ಜಾಸ್ತಿ ಇರುವ ಪದಾರ್ಥದಲ್ಲಿ ಕಿಲೋಜೂಲ್ ಸಂಖ್ಯೆಯೂ ಚಿಕ್ಕದೇ ಇರುತ್ತದೆ. ಹಾಲಿನ ಸಾಲಿನಲ್ಲಿ 100 ಗ್ರಾಮಿಗೆ 272 ಇತ್ತು, ಗ್ರಾಮಿಗೆ 2.72. ಒಂಬತ್ತರ ಗೆರೆ ದಾಟುವುದೇ ಇಲ್ಲ, ಫಿಲ್ಟರ್ ಕೆಳಗೆ ಆರಾಮಾಗಿ ನುಸುಳಿ ಹೋಗುತ್ತದೆ. ಬ್ರೆಡ್ಡಿಗೆ ಗ್ರಾಮಿಗೆ 2.7 ಕಿಲೋಕ್ಯಾಲೊರಿ ನಿಜವಾಗಿಯೂ ಇರಬಹುದು. ಹಾಗಾಗಿ ಸಂಖ್ಯೆಯೊಂದನ್ನೇ ನೋಡಿ ಯಾವ ಅಳತೆ ಅಂತ ಹೇಳಲಾಗದು.

ಪ್ರತಿ ಸಾಲನ್ನೂ ಅದರದೇ ಪ್ರೋಟೀನ್, ಕಾರ್ಬ್, ಕೊಬ್ಬಿನ ಎದುರು ನಿಲ್ಲಿಸಿ ಕೇಳಬೇಕಿತ್ತು. ಆ್ಯಟ್‌ವಾಟರ್ ಗುಣಕಗಳು ಇರುವುದೇ ಅದಕ್ಕೆ, ಗ್ರಾಮಿಗೆ ಇಷ್ಟು ಕಿಲೋಕ್ಯಾಲೊರಿ ಅಂತ: ಪ್ರೋಟೀನ್ 4, ಕಾರ್ಬ್ 4, ಕೊಬ್ಬು 9. ಸಾಲಿನಲ್ಲಿ ಬರೆದ ಶಕ್ತಿಯನ್ನು ಆ ಮೊತ್ತದಿಂದ ಭಾಗಿಸಿದರೆ ಸಾಕು.

```
=B2/(4*C2+4*D2+9*E2)
```

ಹಾಲಿಗೆ ಪ್ರೋಟೀನ್ 3.3, ಕಾರ್ಬ್ 4.8, ಕೊಬ್ಬು 3.6. ಮೊತ್ತ 64.8. 272ನ್ನು ಭಾಗಿಸಿದರೆ 4.20. ಬಿಸ್ಕತ್ತಿಗೆ 4.18. ಉಳಿದ ಸಾಲುಗಳೆಲ್ಲ ಒಂದರ ಆಸುಪಾಸು. ಆ 4.18 ಪರದೆ ಮೇಲೆ ಕಂಡಾಗ ಆದ ಖುಷಿ ಹೇಳತೀರದು. ಕಳ್ಳ ತನ್ನ ಹೆಸರಿನ ಚೀಟಿ ಬಿಟ್ಟು ಹೋದ ಹಾಗೆ! ನಾರು ಜಾಸ್ತಿ ಇರುವ ಕಾಳುಗಳಲ್ಲಿ ಮಾತ್ರ 0.9ರ ಹತ್ತಿರ ಬರಬಹುದು, ಅದಕ್ಕೆ ಹೆದರಬೇಡಿ. ಕಾರ್ಬ್ ಲೆಕ್ಕದೊಳಗೆ ನಾರೂ ಸೇರಿದ್ದರೆ ನಾವು ಅದಕ್ಕೂ 4 ಹಾಕುತ್ತೇವೆ. ಅದಕ್ಕೆ ಸಲ್ಲುವುದು ಸುಮಾರು 2.

ಈ 4-4-9 ಬೆಂಕಿಯಲ್ಲಿ ಸುಟ್ಟರೆ ಬರುವ ಲೆಕ್ಕ ಅಲ್ಲ ಅನ್ನೋದು ನನಗೆ ಈ ಹುಡುಕಾಟದಲ್ಲೇ ಸರಿಯಾಗಿ ತಲೆಗೆ ಹೋದದ್ದು. ಪ್ರೋಟೀನನ್ನು ಪೂರ್ತಿ ಸುಟ್ಟರೆ ಗ್ರಾಮಿಗೆ 5.6ರಷ್ಟು ಬರುತ್ತದೆ. ದೇಹ ಅದನ್ನು ಪೂರ್ತಿ ಸುಡುವುದಿಲ್ಲ, ಸಾರಜನಕವನ್ನು ಯೂರಿಯಾ ಮಾಡಿ ಮೂತ್ರದಲ್ಲಿ ಕಳಿಸುತ್ತದೆ, ಅದರ ಜೊತೆ ಸ್ವಲ್ಪ ಶಕ್ತಿಯೂ ಹೋಗುತ್ತದೆ. ಖಾಲಿ ಡಬ್ಬದಲ್ಲಿ ನೀರಿಟ್ಟು ಕೆಳಗೆ ಕಡಲೆಬೀಜ ಸುಟ್ಟು ನೋಡುವ ಆಸೆ ಹಳೆಯದು. ಶಾಖ ಅರ್ಧಕ್ಕಿಂತ ಜಾಸ್ತಿ ಗಾಳಿಗೇ ಹೋಗುತ್ತದೆ ಅಂತ ಗೊತ್ತು. ಆದರೂ ಡಬ್ಬ ತೊಳೆದು ಇಟ್ಟಿದ್ದೇನೆ. ಇರಲಿ, ಮಂಗಳವಾರಕ್ಕೆ ಬರೋಣ.

ಹಾಲು 400 ಗ್ರಾಮ್, ಬಿಸ್ಕತ್ತು 60 ಗ್ರಾಮ್. ಎರಡೂ ಸರಿಮಾಡಿದ ಮೇಲೆ ಒಟ್ಟು 3249ಕ್ಕೆ ಇಳಿಯಿತು. 3.78 ಯೂನಿಟ್, 157 ವ್ಯಾಟ್. ಇದು ತುಂಬಾ ಅಪಾಯದ ಸಂಖ್ಯೆ, ಯಾಕೆಂದರೆ ನಂಬಬಹುದಾದದ್ದು. ದಿನವಿಡೀ ಮೈಮುರಿದು ದುಡಿಯುವವರಿಗೆ ಇಷ್ಟು ಬೇಕಾಗುತ್ತದೆ. ಆ ದಿನ ನಾನು ಮಾಡಿದ ಅತಿ ಕಷ್ಟದ ಕೆಲಸ ಸ್ಪ್ರೆಡ್‌ಶೀಟ್ ಸ್ಕ್ರೋಲ್ ಮಾಡಿದ್ದು.

ಅನುಪಾತದ ಕಾಲಮ್ ಈಗ ಮೇಲಿಂದ ಕೆಳಗೆ 1ರ ಆಸುಪಾಸೇ ತೋರಿಸುತ್ತಿತ್ತು. ಹಾಗಾದರೆ ತಪ್ಪು ಸಾಲಿನ ಒಳಗಿಲ್ಲ, ಸಾಲು ಆರಿಸಿದ್ದರಲ್ಲಿದೆ. ಆ ದಿನ ಅತಿ ಹೆಚ್ಚು ಶಕ್ತಿ ಬಂದದ್ದು ಎಲ್ಲಿಂದ ಅಂತ ವಿಂಗಡಿಸಿದೆ. ಅನ್ನ, 420 ಗ್ರಾಮ್, 1512 ಕಿಲೋಕ್ಯಾಲೊರಿ. ಅಷ್ಟು ಹೊತ್ತಿಗೆ ಗೊತ್ತಾಯಿತು. ತೂಗಿದ್ದು ತಟ್ಟೆಯಲ್ಲಿದ್ದ ಅನ್ನ, ಸಾಲು ಅಕ್ಕಿಯದು! ಅಕ್ಕಿಗೆ 100 ಗ್ರಾಮಿಗೆ 360, ಸರಿಯೇ. ಅದರ ಪ್ರೋಟೀನ್, ಕಾರ್ಬ್, ಕೊಬ್ಬು ಎಲ್ಲವೂ ಅಕ್ಕಿಯದೇ ಆಗಿರುವಾಗ ಅನುಪಾತ 1ರ ಹತ್ತಿರವೇ ಬರುತ್ತದೆ, ನನ್ನ ಹೆಮ್ಮೆಯ ಫಾರ್ಮುಲಾ ಇದನ್ನು ಹಿಡಿಯುವಂತೆಯೇ ಇಲ್ಲ. ಬೇಯುವಾಗ ಒಳಗೆ ಹೋದ ನೀರಿಗೆ ಕ್ಯಾಲೊರಿ ಇಲ್ಲ, ತೂಕ ಇದೆ.

ಇದಕ್ಕೆ ಬೇರೆ ಗುರುತು ಬೇಕು. ಪ್ರೋಟೀನ್, ಕಾರ್ಬ್, ಕೊಬ್ಬು ಮೂರನ್ನೂ ಕೂಡಿದರೆ ಒಣ ಪದಾರ್ಥಕ್ಕೆ 100 ಗ್ರಾಮಿಗೆ 85ರ ಮೇಲೆ ಬರುತ್ತದೆ. ಬೆಂದದ್ದಕ್ಕೆ ಮೂವತ್ತೋ ಮೂವತ್ತೈದೋ. ಉಳಿದದ್ದು ನೀರು. ಈಗ "ಒಣ ಮೊತ್ತ" ಅಂತ ಒಂದು ಕಾಲಮ್ ಇದೆ. ಅದು 80 ದಾಟಿದ ಸಾಲಿಗೆ ಬೆಂದ ತೂಕ ಹಾಕಿದ್ದೇನಾ ಅಂತ ಕೆಂಪು ಬಣ್ಣದಲ್ಲಿ ಕೇಳುತ್ತದೆ.

ಬೆಂದ ಅನ್ನದ ಸಿದ್ಧ ಸಂಖ್ಯೆಯನ್ನು ಎಲ್ಲಿಂದಲೋ ತಂದು ಹಾಕಲಿಲ್ಲ. ಯಾರು ಎಷ್ಟು ನೀರು ಹಾಕುತ್ತಾರೆ ಅನ್ನುವುದರ ಮೇಲೆ ಅದು ಬದಲಾಗುತ್ತದೆ. ಖಾಲಿ ಪಾತ್ರೆ ತೂಗಿದೆ. ಅಕ್ಕಿ 250 ಗ್ರಾಮ್, ಒಟ್ಟು 900 ಕಿಲೋಕ್ಯಾಲೊರಿ. ಬೆಂದ ಮೇಲೆ ಪಾತ್ರೆ ಕಳೆದು 640 ಗ್ರಾಮ್. ಅಂದರೆ ಗ್ರಾಮಿಗೆ 1.41. ನನ್ನ 420 ಗ್ರಾಮಿಗೆ 591. ಒಂದೇ ಏಟಿಗೆ 921 ಕಮ್ಮಿಯಾಗಿ ಒಟ್ಟು 2328, 113 ವ್ಯಾಟ್. ಕುರ್ಚಿಗೆ ತಕ್ಕ ಸಂಖ್ಯೆ.

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಎಣ್ಣೆ ಬಾಟಲಿ ಖಾಲಿಯಾಗುವ ವೇಗಕ್ಕೂ ನಾನು ಬರೆದ ಗ್ರಾಮಿಗೂ ತಾಳೆ ಆಗುತ್ತಿರಲಿಲ್ಲ. ಬಾಣಲೆಯನ್ನು ಸ್ಕೇಲ್ ಮೇಲಿಟ್ಟು, ಸೊನ್ನೆ ಮಾಡಿ, ಎಣ್ಣೆಯನ್ನು ದಾರದಷ್ಟು ಸಣ್ಣಗೆ ಬಿಟ್ಟೆ. ಕಣ್ಣೆದುರೇ ಎಣ್ಣೆ ಹರಡುತ್ತಿದೆ, ಸ್ಕೇಲ್ 0 ಅಂತಲೇ ಕೂತಿದೆ! ಇಂಥ ಅಗ್ಗದ ಸ್ಕೇಲ್‌ಗಳು ಸೊನ್ನೆಯ ಹತ್ತಿರದ ನಿಧಾನ ಬದಲಾವಣೆಯನ್ನು ಸೆನ್ಸರ್‌ನ ಜಾರುವಿಕೆ ಅಂತ ತಿಳಿದು ತಾವೇ ಮತ್ತೆ ಸೊನ್ನೆ ಮಾಡಿಕೊಳ್ಳುತ್ತವೆ. "ಒಂದು ಗ್ರಾಮ್ ನಿಖರತೆ" ಅಂತ ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ ಬರೆದವರು ಇದನ್ನೂ ಸಣ್ಣ ಅಕ್ಷರದಲ್ಲಾದರೂ ಬರೆಯಬಾರದಿತ್ತಾ? ಈಗ ಬಾಟಲಿಯನ್ನೇ ತೂಗುತ್ತೇನೆ, ಹಾಕುವ ಮುಂಚೆ ಒಮ್ಮೆ, ಹಾಕಿದ ಮೇಲೆ ಒಮ್ಮೆ. ಮಂಗಳವಾರದ ಅಡುಗೆಯನ್ನೇ ಮತ್ತೆ ಮಾಡಿ ನೋಡಿದಾಗ 9 ಗ್ರಾಮ್ ಲೆಕ್ಕ ತಪ್ಪಿಸಿಕೊಂಡಿತ್ತು ಅಂತ ಗೊತ್ತಾಯಿತು. 81 ಕಿಲೋಕ್ಯಾಲೊರಿ, 0.094 ಯೂನಿಟ್. 9 ವ್ಯಾಟಿನ ಎಲ್‌ಇಡಿ ಬಲ್ಬ್ ಹತ್ತು ಗಂಟೆ ಉರಿಯುವಷ್ಟು.

ಅಂತೂ ಮಂಗಳವಾರ: 2409 ಕಿಲೋಕ್ಯಾಲೊರಿ, 2.80 ಯೂನಿಟ್, 117 ವ್ಯಾಟ್. ನನ್ನ ಫ್ರಿಜ್‌ನ ಮೂರರಷ್ಟಕ್ಕೆ ಸ್ವಲ್ಪ ಕಮ್ಮಿ. 9 ವ್ಯಾಟಿನ ರೂಟರ್ ದಿನಕ್ಕೆ 0.22, ಅದರ ಹದಿಮೂರು ಪಟ್ಟು ನಾನು. ನೀರಿನ ಹೀಟರ್ ಪ್ಲಗ್ ಮೀಟರ್‌ಗೆ ಹಾಕುವ ಧೈರ್ಯ ಬರಲಿಲ್ಲ, ಲೆಕ್ಕವನ್ನೇ ಹಾಕಿದೆ. 15 ಲೀಟರ್ ನೀರನ್ನು 25ರಿಂದ 60 ಡಿಗ್ರಿಗೆ ಏರಿಸಲು 0.61 ಯೂನಿಟ್, ಸೋರುವ ಶಾಖ ಬಿಟ್ಟು. ಎರಡು ಸಲ ಕಾಯಿಸಿದರೆ ಫ್ರಿಜ್ ಹಿಂದೆ ಬೀಳುತ್ತದೆ, ಐದು ಸಲ ಕಾಯಿಸಿದರೆ ನಾನೂ ಹಿಂದೆ.

ಹೋಲಿಕೆಯಲ್ಲಿ ಒಂದು ಮೋಸ ಇದೆ, ಅದನ್ನು ಮುಚ್ಚಿಡುವುದಿಲ್ಲ. ಈ 2.80 ಯೂನಿಟ್ಟನ್ನು ಪ್ಲಗ್‌ಗೆ ಹಾಕಿ ಬಳಸಲು ಬರುವುದಿಲ್ಲ. ಬಹುಪಾಲು ಹೃದಯ, ಮಿದುಳು, ಯಕೃತ್ತು ಎಲ್ಲ ನಡೆಯುವುದಕ್ಕೆ ಖರ್ಚಾಗಿ ಕೊನೆಗೆ ಶಾಖವಾಗಿ ಕೋಣೆಗೆ ಹೋಗುತ್ತದೆ. ಸ್ನಾಯುವಿನಿಂದ ಕೆಲಸ ತೆಗೆಯಲು ಹೋದರೂ ಅದಕ್ಕಾಗಿ ಸುಟ್ಟಿದ್ದರಲ್ಲಿ ಕಾಲು ಭಾಗ ಸಿಕ್ಕರೆ ಹೆಚ್ಚು.

ಅಲ್ಲಿಂದಲೇ ಮುಂದಿನ ಪ್ರಾಜೆಕ್ಟ್ ಹುಟ್ಟಿತು. ಕೆಟಲ್‌ನಲ್ಲಿ ಒಂದು ಲೀಟರ್ ನೀರು ಕುದಿಸಲು ನನ್ನ ಮೀಟರ್ ತೋರಿಸಿದ್ದು 0.11 ಯೂನಿಟ್. ಪೆಡಲ್ ತುಳಿದು 75 ವ್ಯಾಟ್ ಕೊಡುತ್ತಾ ಹೋದರೆ ಸುಮಾರು ಒಂದೂವರೆ ಗಂಟೆ, ಅದೂ ಡೈನಮೊ ಏನೂ ಕಳೆಯದಿದ್ದರೆ. ಅಷ್ಟಕ್ಕೆ ನಾನು ಸುಡುವುದು ಸುಮಾರು 380 ಕಿಲೋಕ್ಯಾಲೊರಿ, ಹೆಚ್ಚುಕಮ್ಮಿ 80 ಗ್ರಾಮ್ ಬಿಸ್ಕತ್ತು. ಹಳೇ ಸೈಕಲ್ಲಿನ ಹಿಂದಿನ ಚಕ್ರ ಬಿಚ್ಚಿ ಆಗಿದೆ. ಬೆಲ್ಟ್ ಆರ್ಡರ್ ಮಾಡಿ ಎರಡು ವಾರ. ಬಂದದ್ದು ಹೊಲಿಗೆ ಯಂತ್ರದ ಬೆಲ್ಟ್.