ಮಂಡಿ ಸವೆತ, ಕ್ರಿಯಾಟಿನ್ ಡಬ್ಬಿ ಮತ್ತು ಒಂದು ಕಿಡ್ನಿ ರಿಪೋರ್ಟ್

ನಾನು ದಾವಣಗೆರೆಯಲ್ಲಿ ಫಿಸಿಯೋಥೆರಪಿಸ್ಟ್. ಮಂಡಿ ಸವೆದವರಿಗೆ ಕಾಲಿನ ಬಲ ಹೆಚ್ಚಿಸುವ ವ್ಯಾಯಾಮ ಹೇಳಿಕೊಡುವುದೇ ದಿನದ ಹೆಚ್ಚಿನ ಕೆಲಸ. ಈಚೆಗೆ ಅರವತ್ತು ದಾಟಿದವರ ಕೈಚೀಲದಲ್ಲಿ ಎಕ್ಸ್‌ರೇ ಜೊತೆ ಒಂದು ಕ್ರಿಯಾಟಿನ್ ಪುಡಿಯ ಡಬ್ಬಿಯೂ ಇರುತ್ತದೆ. ಜಿಮ್‌ಗೆ ಹೋಗುವ ಮಗನೋ ಮೊಮ್ಮಗನೋ ಕೊಡಿಸಿರುತ್ತಾನೆ. "ಇದನ್ನ ತಗೊಂಡ್ರೆ ಮಂಡಿ ಸರಿಹೋಗುತ್ತಂತೆ, ಹೌದಾ ಮೇಡಂ?" ಅಂತ ಕೇಳುತ್ತಾರೆ.

ಮಂಡಿಯಲ್ಲಿ ಸವೆಯುವುದು ಮೂಳೆಗಳ ತುದಿಯ ಮೆತ್ತನೆಯ ಹೊದಿಕೆ, ಅಂದರೆ ಮೃದ್ವಸ್ಥಿ. ಅದಕ್ಕೆ ಕ್ರಿಯಾಟಿನ್ ಏನೂ ಮಾಡುವುದಿಲ್ಲ. ಕ್ರಿಯಾಟಿನ್ ಕೆಲಸ ಮಾಡುವುದು ಸ್ನಾಯುವಿನಲ್ಲಿ. ಕುರ್ಚಿಯಿಂದ ಎದ್ದೇಳುವಾಗ ತೊಡೆಯ ಮುಂಭಾಗದ ಸ್ನಾಯುವಿಗೆ ಒಮ್ಮೆಲೇ ಶಕ್ತಿ ಬೇಕು. ಆ ಮೊದಲ ಕೆಲವು ಸೆಕೆಂಡುಗಳ ಶಕ್ತಿಯ ದೊಡ್ಡ ಪಾಲು ಸ್ನಾಯುವಿನಲ್ಲಿ ಕೂಡಿಟ್ಟ ಕ್ರಿಯಾಟಿನ್‌ನಿಂದ ಬರುತ್ತದೆ. ಕರೆಂಟ್ ಹೋದಾಗ ಜನರೇಟರ್ ಶುರುವಾಗುವ ತನಕ ಯುಪಿಎಸ್ ನಡೆಸಿಕೊಡುತ್ತದಲ್ಲ, ಹಾಗೆ. ನಮ್ಮ ದೇಹ ಸ್ವಲ್ಪ ಕ್ರಿಯಾಟಿನ್ ತಾನೇ ತಯಾರಿಸುತ್ತದೆ, ಉಳಿದದ್ದು ಮಾಂಸ, ಮೀನಿನಿಂದ ಬರುತ್ತದೆ. ಸಸ್ಯಾಹಾರಿಗಳ ಸ್ನಾಯುವಿನಲ್ಲಿ ಈ ದಾಸ್ತಾನು ಕಡಿಮೆ. ಹಾಗಾಗಿ ಪುಡಿ ತಗೊಂಡಾಗ ತುಂಬಿಕೊಳ್ಳಲು ಅವರಲ್ಲಿ ಜಾಗ ಜಾಸ್ತಿ.

ಮಂಡಿ ಸವೆತ ಇರುವವರಲ್ಲಿ ಇದನ್ನು ನೇರವಾಗಿ ಪರೀಕ್ಷಿಸಿದ ಪ್ರಯೋಗಗಳು ಬಹಳ ಇಲ್ಲ. ನಾನು ಜನರಿಗೆ ಹೇಳುವುದು ಬ್ರೆಜಿಲ್‌ನ ಸಾವೊ ಪಾಲೊದಲ್ಲಿ ನಡೆದು 2011ರಲ್ಲಿ ಪ್ರಕಟವಾದ ಒಂದು ಪ್ರಯೋಗದ ಬಗ್ಗೆ. ಅದರಲ್ಲಿದ್ದವರು ಮುಟ್ಟು ನಿಂತ, 50ರಿಂದ 65 ವಯಸ್ಸಿನ ಹೆಂಗಸರು. ಎಲ್ಲರಿಗೂ ಮಂಡಿ ಸವೆತ. ಎಲ್ಲರೂ 12 ವಾರ ಕಾಲಿನ ವ್ಯಾಯಾಮ ಮಾಡಿದರು. ಅರ್ಧ ಜನಕ್ಕೆ ಕ್ರಿಯಾಟಿನ್, ಉಳಿದವರಿಗೆ ಹಾಗೇ ಕಾಣುವ ಬೇರೆ ಪುಡಿ. ಮೊದಲ ವಾರ ದಿನಕ್ಕೆ 20 ಗ್ರಾಂ, ಆಮೇಲೆ 5 ಗ್ರಾಂ. 30 ಸೆಕೆಂಡಿನಲ್ಲಿ ಕುರ್ಚಿಯಿಂದ ಎಷ್ಟು ಸಲ ಎದ್ದು ಕೂರಬಹುದು ಅಂತ ಎಣಿಸಿದರು. ಕ್ರಿಯಾಟಿನ್ ತಗೊಂಡವರ ಸರಾಸರಿ 15.7ರಿಂದ 18.1ಕ್ಕೆ ಏರಿತು. ಇನ್ನೊಂದು ಗುಂಪಿನದು 15.0ರಿಂದ 15.2, ಅಂದರೆ ಇದ್ದಲ್ಲೇ ಇತ್ತು. ಬಿಗಿತ ಕಡಿಮೆಯಾಯಿತು ಅಂದವರೂ ಕ್ರಿಯಾಟಿನ್ ಗುಂಪಿನವರೇ.

ಕೇಳೋಕೆ ಚೆನ್ನಾಗಿದೆ, ಅಲ್ವಾ? ಆದರೆ ಅದೇ ಪ್ರಯೋಗದಲ್ಲಿ ಕಾಲಿನಿಂದ ಭಾರ ತಳ್ಳುವ ಬಲ ಎರಡೂ ಗುಂಪಿನಲ್ಲಿ ಹೆಚ್ಚಿತು, ಎರಡರ ನಡುವೆ ವ್ಯತ್ಯಾಸ ಕಾಣಲಿಲ್ಲ. ಬಲ ತಂದದ್ದು ವ್ಯಾಯಾಮ. ಇನ್ನು ಅದರಲ್ಲಿ ಇದ್ದವರೇ ಇಪ್ಪತ್ತನಾಲ್ಕು ಜನ. ಅಷ್ಟು ಸಣ್ಣ ಗುಂಪಿನಲ್ಲಿ ಕಂಡ ಎರಡು ಸಲದ ಹೆಚ್ಚಳವನ್ನು ನಾನು ಗೌರವದಿಂದ ನೋಡುತ್ತೇನೆ, ಗ್ಯಾರಂಟಿ ಅಂತ ಹೇಳುವುದಿಲ್ಲ. 2018ರಲ್ಲಿ ಕೆನಡಾದಿಂದ ಬಂದ ಇನ್ನೊಂದು ಅಧ್ಯಯನ, ರಕ್ತದಲ್ಲಿ ಉರಿಯೂತದ ಗುರುತುಗಳನ್ನೂ ಮೃದ್ವಸ್ಥಿ ಸವೆಯುವ ಗುರುತುಗಳನ್ನೂ ನೋಡಿತು. ಕ್ರಿಯಾಟಿನ್‌ನಿಂದ ಅವು ಬದಲಾಗಲಿಲ್ಲ. ಮಂಡಿ ಬದಲಿ ಆಪರೇಷನ್ನಿನ ಹಿಂದೆ ಮುಂದೆ ಕೊಟ್ಟು ನೋಡಿದಾಗಲೂ ಲಾಭ ಸಿಗಲಿಲ್ಲ.

ಈಗ ಒಬ್ಬರ ವಿಷಯಕ್ಕೆ ಬರುತ್ತೇನೆ. ಅವರು ನಿವೃತ್ತ ಶಾಲಾ ಶಿಕ್ಷಕಿ, 66 ವಯಸ್ಸು, ಶುದ್ಧ ಸಸ್ಯಾಹಾರಿ. ಎರಡೂ ಮಂಡಿ ಸವೆದಿವೆ, ಬಲಗಡೆಯದು ಜಾಸ್ತಿ. ಬಿಪಿ ಮಾತ್ರೆ ಇದೆ. ಬೆಂಗಳೂರಿನಲ್ಲಿರುವ ಮಗ ಡಬ್ಬಿ ಕಳಿಸಿದ್ದರು. "ಟೀಚರ್, ಮೊದಲು ಎದ್ದು ಕೂತು ತೋರಿಸಿ, ಡಬ್ಬಿ ಆಮೇಲೆ" ಅಂದೆ. ಕೈ ಇಲ್ಲದ ಗಟ್ಟಿ ಕುರ್ಚಿ, ಎರಡೂ ಕೈ ಎದೆಯ ಮೇಲೆ ಕಟ್ಟಿ, 30 ಸೆಕೆಂಡು. ಒಂಬತ್ತು ಸಲ ಎದ್ದರು. 65ರಿಂದ 69ರ ಹೆಂಗಸರಲ್ಲಿ 11ಕ್ಕಿಂತ ಕಡಿಮೆ ಬಂದರೆ ಸರಾಸರಿಗಿಂತ ಕೆಳಗೆ ಅಂತ ಲೆಕ್ಕ. ಕೈ ಊರಿ ಎದ್ದದ್ದನ್ನು ಎಣಿಸುವುದಿಲ್ಲ. ಟೀಚರ್ ಅಲ್ವಾ, ಹತ್ತನೆಯದು ಅರ್ಧ ಆಗಿತ್ತು, ಅದಕ್ಕೆ ಅರ್ಧ ಮಾರ್ಕ್ಸ್ ಕೇಳಿದರು. ಕೊಡಲಿಲ್ಲ.

ಈ ಒಂಬತ್ತು ಅನ್ನೋದನ್ನು ಅವರ ಹಾಳೆಯಲ್ಲಿ ಮೊದಲ ದಿನವೇ ಬರೆದಿಟ್ಟೆ. ಬರೆಯದೆ ಪುಡಿ ಶುರುಮಾಡಿದರೆ ಮುಂದೆ ಏನು ಸುಧಾರಿಸಿತು ಅಂತ ಹೇಳಲು ಆಧಾರವೇ ಇರುವುದಿಲ್ಲ. ಜನ ತೂಕ ನೋಡುತ್ತಾರೆ. ಆದರೆ ಇಲ್ಲಿ ತೂಕ ದಾರಿ ತಪ್ಪಿಸುತ್ತದೆ. ಕ್ರಿಯಾಟಿನ್ ಸ್ನಾಯುವಿನೊಳಗೆ ನೀರನ್ನೂ ಎಳೆದುಕೊಳ್ಳುತ್ತದೆ, ಮೊದಲ ವಾರಗಳಲ್ಲಿ ಒಂದು ಕಿಲೋ ಆಸುಪಾಸು ಏರಬಹುದು. ಮಂಡಿ ನೋವಿಗೆ ತೂಕ ಇಳಿಸಿ ಅಂತ ಡಾಕ್ಟರು ಹೇಳಿರುತ್ತಾರೆ, ಇವರು ತೂಕದ ಯಂತ್ರ ನೋಡಿ ಗಾಬರಿಯಾಗುತ್ತಾರೆ. ಆ ನೀರು ಸ್ನಾಯುವಿನೊಳಗೆ ಇರುವಂಥದ್ದು. ಪಾದದ ಗಂಟಿನ ಹತ್ತಿರ ಬೆರಳಿಂದ ಒತ್ತಿದರೆ ಕುಳಿ ಉಳಿಯುತ್ತಿದ್ದರೆ, ಅಥವಾ ಏದುಸಿರು ಬರುತ್ತಿದ್ದರೆ ಅದು ಬೇರೆ ಕಥೆ. ಪುಡಿಯ ಮೇಲೆ ಹಾಕಿ ಸುಮ್ನೆ ಇರಬಾರದು, ಡಾಕ್ಟರಿಗೆ ತೋರಿಸಬೇಕು.

ಇನ್ನು ಪ್ರಮಾಣ. ಪ್ರಯೋಗದಲ್ಲಿ ಮೊದಲ ವಾರ 20 ಗ್ರಾಂ ಕೊಟ್ಟಿದ್ದರು. ವಯಸ್ಸಾದವರಿಗೆ ಆ ಆತುರ ಬೇಕಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಒಮ್ಮೆಲೇ ಜಾಸ್ತಿ ಹೋದರೆ ಹೊಟ್ಟೆ ಕೆಡುತ್ತದೆ, ಭೇದಿಯಾಗುತ್ತದೆ. ದಿನಕ್ಕೆ 3 ಗ್ರಾಂ ತಗೊಂಡರೂ ಸುಮಾರು ನಾಲ್ಕು ವಾರಕ್ಕೆ ಸ್ನಾಯು ಅಷ್ಟೇ ತುಂಬಿಕೊಳ್ಳುತ್ತದೆ ಅಂತ 1996ರಲ್ಲೇ ತೋರಿಸಿದ್ದಾರೆ, ಅದು ಗಂಡಸರಲ್ಲಿ. ಟೀಚರ್‌ಗೆ ಅವರ ಡಾಕ್ಟರು 3 ಗ್ರಾಂ ಹೇಳಿದರು. ಬರೀ ಕ್ರಿಯಾಟಿನ್ ಮೊನೊಹೈಡ್ರೇಟ್, ಬೇರೇನೂ ಬೆರೆಸದ್ದು. ಡಬ್ಬಿಯೊಳಗಿನ ಸ್ಕೂಪ್ ಎಷ್ಟು ಗ್ರಾಂ ಅಂತ ಲೇಬಲ್ ಓದಿದೆವು. ಅಡುಗೆಮನೆಯ ಚಮಚ ಬೇಡ ಅಂದೆ, ಒಂದೊಂದು ಮನೆಯ ಚಮಚ ಒಂದೊಂದು ಅಳತೆ. ಬೆಚ್ಚಗಿನ ನೀರಲ್ಲಿ ಚೆನ್ನಾಗಿ ಕರಗುತ್ತದೆ. ಕಲಸಿದ್ದನ್ನು ಆಗಲೇ ಕುಡಿದುಬಿಡಬೇಕು.

ಈಗ ಬರೆಯಲೇಬೇಕು ಅನಿಸಿದ್ದು, ಕಿಡ್ನಿ ರಿಪೋರ್ಟ್.

ಕ್ರಿಯಾಟಿನ್ ದೇಹದಲ್ಲಿ ದಿನವೂ ಸ್ವಲ್ಪ ಸ್ವಲ್ಪ ಕ್ರಿಯಾಟಿನಿನ್ ಅನ್ನುವ ಬೇರೆ ವಸ್ತುವಾಗಿ ಬದಲಾಗಿ ಮೂತ್ರದಲ್ಲಿ ಹೋಗುತ್ತದೆ. ಲ್ಯಾಬಿನಲ್ಲಿ ಕಿಡ್ನಿ ಹೇಗಿದೆ ಅಂತ ನೋಡುವುದೂ ಅದೇ ಕ್ರಿಯಾಟಿನಿನ್ ಅಳೆದು. ದಾಸ್ತಾನು ಹೆಚ್ಚಿದರೆ ರಕ್ತದಲ್ಲಿ ಅದೂ ಸ್ವಲ್ಪ ಏರುತ್ತದೆ, ಕಿಡ್ನಿಗೆ ಏನೂ ಆಗದಿದ್ದರೂ. ಟೀಚರ್‌ದು ಶುರುಮಾಡುವ ಮೊದಲು 0.9 ಇತ್ತು. ಎರಡು ತಿಂಗಳ ಮೇಲೆ ಬಿಪಿ ಡಾಕ್ಟರು ಮಾಮೂಲಿ ರಕ್ತಪರೀಕ್ಷೆ ಬರೆದುಕೊಟ್ಟರು, 1.1 ಬಂತು. ಎರಡೂ ಸಂಖ್ಯೆ ನೋಡಲು ಹತ್ತಿರವೇ. ಆದರೆ ಲ್ಯಾಬ್ ಇದನ್ನು ವಯಸ್ಸಿನ ಜೊತೆ ಸೂತ್ರಕ್ಕೆ ಹಾಕಿ ಇಜಿಎಫ್‌ಆರ್, ಅಂದರೆ ಕಿಡ್ನಿ ಎಷ್ಟು ಸೋಸುತ್ತಿದೆ ಅನ್ನುವ ಅಂದಾಜು ಕೊಡುತ್ತದೆ. 66ರ ಹೆಂಗಸಿಗೆ 0.9 ಅಂದರೆ ಇಜಿಎಫ್‌ಆರ್ 70ರ ಹತ್ತಿರ. 1.1 ಅಂದರೆ 55. 60ಕ್ಕಿಂತ ಕೆಳಗೆ ಬಂದದ್ದನ್ನು ಲ್ಯಾಬಿನವರು ದಪ್ಪ ಅಕ್ಷರದಲ್ಲಿ ಅಚ್ಚು ಹಾಕುತ್ತಾರೆ. ಮಗ ಬೆಂಗಳೂರಿನಿಂದ ಫೋನ್ ಮಾಡಿದರು: "ಮೇಡಂ, ಅಮ್ಮನ ಕಿಡ್ನಿ ನಾನೇ ಹಾಳು ಮಾಡಿದ್ನಾ?"

ಇಂಥ ಹೊತ್ತಲ್ಲಿ ಎರಡು ಕಡೆ ಜಾರುವ ಅಪಾಯ ಇದೆ. ಒಂದು, ಗಾಬರಿಯಾಗಿ ಎಲ್ಲವನ್ನೂ ಬಿಟ್ಟುಬಿಡುವುದು, ವ್ಯಾಯಾಮವನ್ನೂ ಸೇರಿಸಿ. ಇನ್ನೊಂದು, "ಅಯ್ಯೋ, ಅದು ಪುಡಿಯಿಂದ, ಏನೂ ಆಗಲ್ಲ" ಅಂತ ತಳ್ಳಿಹಾಕುವುದು. ಮಂಡಿ ನೋವಿನವರಲ್ಲಿ ಎರಡನೆಯದು ಹೆಚ್ಚು ಅಪಾಯ. ಯಾಕೆಂದರೆ ಇವರಲ್ಲಿ ಬಹಳ ಜನ ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ತಂದು ನುಂಗುತ್ತಿರುತ್ತಾರೆ. ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್ ಥರದವು. ಕೆಲವು ಬಿಪಿ ಮಾತ್ರೆಗಳು, ಮೂತ್ರ ಹೆಚ್ಚಿಸುವ ನೀರಿನ ಮಾತ್ರೆ, ಇದರ ಜೊತೆ ನೋವಿನ ಮಾತ್ರೆ ಸೇರಿದರೆ ಕಿಡ್ನಿಗೆ ನಿಜವಾಗಿ ಪೆಟ್ಟು ಬೀಳಬಹುದು. ಆಗಲೂ ಕಾಣುವುದು ಅದೇ ಕ್ರಿಯಾಟಿನಿನ್ ಏರಿಕೆ.

ಟೀಚರ್‌ಗೆ ಕೇಳಿದೆ, "ನೋವಿನ ಮಾತ್ರೆ ಏನಾದ್ರೂ?" "ಇಲ್ಲಪ್ಪ" ಅಂದರು. ಸ್ವಲ್ಪ ಹೊತ್ತಾದ ಮೇಲೆ, "ಮದುವೆಗೆ ಹೋಗಿದ್ದಾಗ ಒಂದ್ನಾಲ್ಕು ದಿನ ತಗೊಂಡೆ, ಅದೂ ಲೆಕ್ಕಾನಾ?" ಅಂದರು. ಲೆಕ್ಕವೇ. ರಿಪೋರ್ಟಿಗೆ ಹಿಂದಿನ ವಾರವೇ ಆ ಮದುವೆ.

ಇದನ್ನೆಲ್ಲ ಒಂದು ಚೀಟಿಯಲ್ಲಿ ಬರೆದು ಅವರ ಡಾಕ್ಟರಿಗೆ ಕಳಿಸಿದೆ: ಕ್ರಿಯಾಟಿನ್ ಯಾವಾಗಿನಿಂದ, ಎಷ್ಟು ಗ್ರಾಂ, ನೋವಿನ ಮಾತ್ರೆ ಎಷ್ಟು ದಿನ, ಪುಡಿಗೆ ಮುಂಚಿನ ಕ್ರಿಯಾಟಿನಿನ್ ಎಷ್ಟು. ಅವರು ಎರಡನ್ನೂ ನಿಲ್ಲಿಸಿ ಒಂದು ತಿಂಗಳ ನಂತರ ಮತ್ತೆ ಪರೀಕ್ಷೆ ಮಾಡಿಸಿದರು. ಜೊತೆಗೆ ಮೂತ್ರದಲ್ಲಿ ಅಲ್ಬುಮಿನ್ ಅನ್ನುವ ಪ್ರೋಟೀನ್ ಸೋರುತ್ತಿದೆಯಾ ಅಂತ ನೋಡಿದರು, ಸಿಸ್ಟಾಟಿನ್ ಸಿ ಅನ್ನುವ ಇನ್ನೊಂದು ರಕ್ತಪರೀಕ್ಷೆಯನ್ನೂ ಬರೆದರು. ಸಿಸ್ಟಾಟಿನ್ ಕ್ರಿಯಾಟಿನ್ ಪುಡಿಯಿಂದ ಏರುವುದಿಲ್ಲ, ಹಾಗಾಗಿ ಕಿಡ್ನಿಯ ಸ್ಥಿತಿ ಅದರಲ್ಲಿ ಹೆಚ್ಚು ಸರಿಯಾಗಿ ಕಾಣುತ್ತದೆ. ಎಲ್ಲ ಲ್ಯಾಬಿನಲ್ಲೂ ಮಾಡುವುದಿಲ್ಲ, ದುಡ್ಡೂ ಜಾಸ್ತಿ. ಪರೀಕ್ಷೆಯ ಹಿಂದಿನ ದಿನ ವ್ಯಾಯಾಮ ಬೇಡ ಅಂತ ನಾನು ಹೇಳಿದ್ದೆ, ಕಷ್ಟದ ವ್ಯಾಯಾಮವೂ ಕ್ರಿಯಾಟಿನಿನ್ ಸ್ವಲ್ಪ ಏರಿಸುತ್ತದೆ. ಕ್ರಿಯಾಟಿನಿನ್ 0.9ಕ್ಕೆ ಇಳಿಯಿತು, ಸಿಸ್ಟಾಟಿನ್ ಸಿ ಸರಿಯಿತ್ತು, ಮೂತ್ರದಲ್ಲಿ ಅಲ್ಬುಮಿನ್ ಇರಲಿಲ್ಲ. ಏರಿದ್ದು ಪುಡಿಯಿಂದಲೋ ಮಾತ್ರೆಯಿಂದಲೋ ಅಂತ ಬಿಡಿಸಿ ಹೇಳಲು ಆಗಲಿಲ್ಲ. ಎರಡನ್ನೂ ಒಟ್ಟಿಗೇ ನಿಲ್ಲಿಸಿದ್ದೆವಲ್ಲ.

ಇದಾದ ಮೇಲೆ ಯಾರೇ ಡಬ್ಬಿ ತಂದರೂ ಮೊದಲು ಪುಡಿ ಶುರುಮಾಡುವ ಮುಂಚಿನ ಕ್ರಿಯಾಟಿನಿನ್ ರಿಪೋರ್ಟ್ ಕೇಳುತ್ತೇನೆ. ಟೀಚರ್ ಹತ್ತಿರ ಆ 0.9ರ ಕಾಗದ ಇದ್ದದ್ದರಿಂದಲೇ 1.1 ಬಂದಾಗ ಮಾತಾಡಲು ಏನೋ ಇತ್ತು. ಕಿಡ್ನಿ ತೊಂದರೆ ಮೊದಲೇ ಇರುವವರು, ಒಂದೇ ಕಿಡ್ನಿ ಇರುವವರು ಅಂದರೆ ನಾನು ಡಬ್ಬಿ ಮುಚ್ಚಿಸಿ ನೇರ ಡಾಕ್ಟರ ಹತ್ತಿರ ಕಳಿಸುತ್ತೇನೆ.

ವ್ಯಾಯಾಮದ ಬಗ್ಗೆ ಒಂದು ಮಾತು. ಪುಡಿ ಕೆಲಸ ಮಾಡಲಿಲ್ಲ ಅನ್ನುವವರ ಹಾಳೆ ತೆಗೆದು ನೋಡಿದರೆ, ಶುರುವಿನಲ್ಲಿ ಕಾಲಿಗೆ ಕಟ್ಟಿದ ಅರ್ಧ ಕಿಲೋ ಮರಳಿನ ಪಟ್ಟಿಯೇ ಎರಡು ತಿಂಗಳಾದರೂ ಇರುತ್ತದೆ. ಆ ಭಾರಕ್ಕೆ ಸ್ನಾಯು ಕಷ್ಟಪಡುವುದೇ ಇಲ್ಲ, ಇನ್ನು ಹೆಚ್ಚುವರಿ ದಾಸ್ತಾನು ಯಾವ ಕೆಲಸಕ್ಕೆ? ಟೀಚರ್‌ಗೆ ಕುರ್ಚಿಯ ಮೇಲೆ ಮಡಚಿದ ಎರಡು ಜಮಖಾನ ಹಾಕಿ ಎತ್ತರದಿಂದ ಏಳಿಸಲು ಶುರುಮಾಡಿದೆವು. ಹತ್ತು ಸಲ ಎದ್ದು, ಕೊನೆಯ ಎರಡು ಸುಲಭವಾಗಿಬಿಟ್ಟರೆ ಒಂದು ಜಮಖಾನ ತೆಗೆಯುವುದು. ಆಮೇಲೆ ಇನ್ನೊಂದು. ಆಮೇಲೆ ಕೈಯಲ್ಲಿ ಎರಡು ಕಿಲೋ ಅಕ್ಕಿ ಚೀಲ. ವಾರಕ್ಕೆ ಮೂರು ದಿನ, ನಡುವೆ ಬಿಡುವು. ಮಾಡುವಾಗ ಹತ್ತಕ್ಕೆ ನಾಲ್ಕರಷ್ಟು ನೋವು ಬಂದರೆ ಪರವಾಗಿಲ್ಲ, ಮಾರನೇ ದಿನ ಬೆಳಿಗ್ಗೆ ಹೊತ್ತಿಗೆ ಅದು ಮೊದಲಿನಷ್ಟಕ್ಕೆ ಇಳಿದಿರಬೇಕು. ಇಳಿಯದಿದ್ದರೆ, ಅಥವಾ ಮಂಡಿ ಊದಿದ್ದರೆ, ಒಂದು ಹೆಜ್ಜೆ ಹಿಂದೆ.

ಪುಡಿ ನಿಲ್ಲಿಸಿದ ತಿಂಗಳಲ್ಲೂ ಟೀಚರ್ ವ್ಯಾಯಾಮ ಬಿಡಲಿಲ್ಲ. ಪುಡಿ ನಿಲ್ಲಿಸುವ ಹೊತ್ತಿಗೆ ಹನ್ನೆರಡು ಸಲ ಏಳುತ್ತಿದ್ದರು. ಒಂದು ತಿಂಗಳ ಮೇಲೆ ಎಣಿಸಿದಾಗ ಹದಿಮೂರು. ಮಗ ಕೇಳಿದರು, ಮತ್ತೆ ಶುರುಮಾಡೋದಾ ಅಂತ. ಡಾಕ್ಟರು, ನೋವಿನ ಮಾತ್ರೆ ಮುಟ್ಟದಿದ್ದರೆ ಆಗಬಹುದು ಅಂದಿದ್ದರು. ಟೀಚರ್ ಡಬ್ಬಿಯನ್ನು ಮಗನಿಗೇ ವಾಪಸ್ ಕಳಿಸಿದರು. ಅದರ ಬದಲು ಒಂದು ಕಿಲೋದ ಎರಡು ಮರಳಿನ ಪಟ್ಟಿ ತರಿಸಿಕೊಂಡಿದ್ದಾರೆ.